ಅಂಚೆ ಡಬ್ಬಿಯ ಮೇಲೆ ನನ್ನ ಹೆಸರು

ಇಳಕಲ್ಲಿನ ನಮ್ಮ ಮನೆಗೆ ಪತ್ರ ಬರಬೇಕಾದರೆ ಮನೆ ನಂಬರು ಬೇಕಾಗಿಲ್ಲ. ಅಬ್ಬಾನ ಹೆಸರು, ಓಣಿಯ ಹೆಸರು, ‘ಮಸೀದಿ ಹಿಂದೆ’, ಕೊನೆಗೆ 587125. ಇಷ್ಟು ಬರೆದರೆ ಸಾಕು. ಅಂಚೆಯಣ್ಣ ಬಾಗಿಲಿಗೆ ಬರುತ್ತಾನೆ. ಮನೆಗೆ ಕೀಲಿ ಹಾಕಿದ್ದರೆ ಮುಂದಿನ ಕಿರಾಣಿ ಅಂಗಡಿಯಲ್ಲಿ ಕೊಟ್ಟು ಹೋಗುತ್ತಾನೆ, ಸಂಜೆ ಅಂಗಡಿಯವರು ಕೂಗಿ ಕೊಡುತ್ತಾರೆ. ಈಗ ಆನ್‌ಲೈನ್‌ನಲ್ಲಿ ತರಿಸುವ ಸಾಮಾನಿನ ಹುಡುಗರಿಗೆ ಓಣಿ ಗೊತ್ತಿಲ್ಲದಿದ್ದರೆ ಫೋನ್ ಮಾಡುತ್ತಾರೆ. ‘ಎಲ್ಲಿ ಬರಲಿ ಅಣ್ಣಾ?’ ಎಂದು ಕೇಳುತ್ತಾರೆ, ನಾವು ರಸ್ತೆಗೆ ಹೋಗಿ ನಿಲ್ಲುತ್ತೇವೆ.

ಕಾಲೇಜಿನ ಪತ್ರಿಕೆಗೆ ಜರ್ಮನಿಯ ಬಗ್ಗೆ ಏನಾದರೂ ಬರೆದು ಕಳಿಸು ಎಂದು ಕನ್ನಡ ಸರ್ ಹೇಳಿದಾಗ ನನಗೆ ಮೊದಲು ನೆನಪಾದದ್ದು ಹಿಮವಲ್ಲ, ವಿಶ್ವವಿದ್ಯಾಲಯವೂ ಅಲ್ಲ. ನಾನಿದ್ದ ಕಟ್ಟಡದ ಬಾಗಿಲಲ್ಲಿ ಸಾಲಾಗಿ ಜೋಡಿಸಿದ್ದ ತಗಡಿನ ಅಂಚೆ ಡಬ್ಬಿಗಳು ನೆನಪಾದವು. ಅಲ್ಲಿ ನನ್ನ ಹೆಸರು ಇರಲಿಲ್ಲ ಎಂಬ ಒಂದೇ ಕಾರಣಕ್ಕೆ ನಾನು ಎರಡು ತಿಂಗಳು ಒದ್ದಾಡಿದೆ. ನಿಮ್ಮಲ್ಲಿ ಕೆಲವರು ನಾಳೆ ಹೊರದೇಶಕ್ಕೆ ಹೋಗುವವರು. ಇನ್ನು ಕೆಲವರು ಬಾಗಲಕೋಟೆಯ ಹಾಸ್ಟೆಲ್ಲಿಗೋ ಬೆಂಗಳೂರಿನ ಪಿ.ಜಿ.ಗೋ ಹೋಗುವವರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಮ್ಯಾಗ್ಡೆಬರ್ಗ್ ಎಂಬ ಊರಿಗೆ ಹೋದದ್ದು 2024ರ ಸೆಪ್ಟೆಂಬರ್ ಕೊನೆಯಲ್ಲಿ. ಎಲ್ಬೆ ನದಿಯ ದಂಡೆಯ ಊರು. ವಿದ್ಯಾರ್ಥಿ ನಿಲಯದಲ್ಲಿ ಕೋಣೆ ಸಿಗಲಿಲ್ಲ. ನಾಲ್ವರು ಹುಡುಗರು ಹಂಚಿಕೊಂಡಿದ್ದ ಒಂದು ಮನೆಯಲ್ಲಿ ಒಂದು ಕೋಣೆ ಖಾಲಿ ಇತ್ತು, ಅಲ್ಲಿ ಸೇರಿಕೊಂಡೆ. ಆ ದೇಶದಲ್ಲಿ ಮನೆ ಹೊಕ್ಕ ಎರಡು ವಾರದೊಳಗೆ ನಗರ ಕಚೇರಿಗೆ ಹೋಗಿ ‘ನಾನು ಇಂಥ ವಿಳಾಸದಲ್ಲಿದ್ದೇನೆ’ ಎಂದು ಹೆಸರು ನೋಂದಾಯಿಸಬೇಕು. ಅದಕ್ಕೆ ಮನೆ ಕೊಟ್ಟವರ ಸಹಿ ಇರುವ ಕಾಗದ ಬೇಕು. ಅದನ್ನೆಲ್ಲ ಸರಿಯಾಗಿ ಮಾಡಿದೆ. ನೋಂದಣಿ ಆಯಿತೆಂದರೆ ನನ್ನ ವಿಳಾಸ ಸರ್ಕಾರಕ್ಕೇ ಗೊತ್ತಾಯಿತು, ಇನ್ನು ಪತ್ರಗಳು ತಾವಾಗಿ ಬರುತ್ತವೆ ಎಂದುಕೊಂಡೆ. ಅದೇ ನನ್ನ ಮೊದಲ ತಪ್ಪು.

ಅಲ್ಲಿ ಬದುಕಿನ ಮುಖ್ಯ ಸಂಗತಿಗಳೆಲ್ಲ ಇನ್ನೂ ಕಾಗದದಲ್ಲೇ ಬರುತ್ತವೆ. ಬ್ಯಾಂಕಿನ ಕಾರ್ಡು ಒಂದು ಲಕೋಟೆಯಲ್ಲಿ, ಅದರ ಪಿನ್ ನಂಬರು ಬೇರೆ ದಿನ ಬೇರೆ ಲಕೋಟೆಯಲ್ಲಿ. ಆರೋಗ್ಯ ವಿಮೆಯ ಕಾರ್ಡು ಅಂಚೆಯಲ್ಲಿ. ಹೆಸರು ನೋಂದಾಯಿಸಿದ ಕೆಲವು ವಾರಕ್ಕೆ ತೆರಿಗೆ ಇಲಾಖೆಯ ಗುರುತಿನ ಸಂಖ್ಯೆ, ಅದೂ ಅಂಚೆಯಲ್ಲಿ. ಆ ಸಂಖ್ಯೆ ಇಲ್ಲದೆ ಅರೆಕಾಲಿಕ ಕೆಲಸದ ಸಂಬಳ ಸರಿಯಾಗಿ ಲೆಕ್ಕವಾಗುವುದಿಲ್ಲ.

ನಾನು ಎಲ್ಲರಂತೆ ವರ್ಷದ ಖರ್ಚಿನ ಹಣವನ್ನು ಮೊದಲೇ ಕಟ್ಟಿ ಹೋಗಿದ್ದೆ. ಆಗ ಅದು 11,904 ಯೂರೋ. ಅಬ್ಬಾ ಇದ್ದಬದ್ದದ್ದನ್ನೆಲ್ಲ ಕೂಡಿಸಿ, ಚಾಚಾನ ಹತ್ತಿರವೂ ಸ್ವಲ್ಪ ತಂದು ಕಟ್ಟಿದ್ದ ಹಣ ಅದು. ಅದನ್ನು ಒಮ್ಮೆಲೇ ಮುಟ್ಟಲಾಗದು. ತಿಂಗಳಿಗೆ 992 ಯೂರೋ ನಮ್ಮ ಅಲ್ಲಿನ ಬ್ಯಾಂಕ್ ಖಾತೆಗೆ ಬಿಡುತ್ತಾರೆ. ಅಕ್ಟೋಬರಿನಲ್ಲಿ ಖಾತೆ ತೆರೆದೆ, ಹಣವೂ ಬಂತು. ಆದರೆ ಹಣ ತೆಗೆಯಲು ಕಾರ್ಡು ಬೇಕು, ಬಾಡಿಗೆ ಕಳಿಸಲು ಮೊಬೈಲಿನಲ್ಲಿ ಬ್ಯಾಂಕ್ ಆ್ಯಪ್ ಚಾಲೂ ಆಗಬೇಕು. ಎರಡಕ್ಕೂ ಬೇಕಾದ ಗುಪ್ತ ಸಂಖ್ಯೆಗಳು ಅಂಚೆಯಲ್ಲಿ ಬರಬೇಕು. ಅವು ಬರಲೇ ಇಲ್ಲ.

ನವೆಂಬರ್ ಮೊದಲ ವಾರ ಬಾಡಿಗೆ ಕೊಡಬೇಕಿತ್ತು. ಖಾತೆಯಲ್ಲಿ ಹಣವಿದೆ, ಕೈಯಲ್ಲಿ ಇಲ್ಲ. ಅಮ್ಮಿ ಫೋನ್ ಮಾಡಿ ‘ಊಟ ಆತೇನ್ ಬೇಟಾ?’ ಎಂದರೆ ‘ಆತು ಅಮ್ಮಿ’ ಎನ್ನುತ್ತಿದ್ದೆ. ಕೊನೆಗೆ ಪಕ್ಕದ ಕೋಣೆಯ ತೆಲುಗು ಹುಡುಗ 300 ಯೂರೋ ಕೊಟ್ಟ. ನಮ್ಮಲ್ಲಿ ಕರ್ಜ್-ಎ-ಹಸನಾ ಎನ್ನುತ್ತಾರಲ್ಲ, ಬಡ್ಡಿಯಿಲ್ಲದ ಕೈಗಡ, ಅದೇ. ಆ ಶಬ್ದ ಅವನಿಗೆ ಗೊತ್ತಿರಲಿಲ್ಲ, ಕೊಡುವ ಮನಸ್ಸು ಮಾತ್ರ ಇತ್ತು.

ಬ್ಯಾಂಕಿಗೆ ಹೋಗಿ ಕೇಳಿದೆ. ಕೌಂಟರಿನ ಹೆಣ್ಣುಮಗಳು ಕಂಪ್ಯೂಟರ್ ನೋಡಿ, ‘ನಿಮ್ಮ ಎರಡೂ ಪತ್ರ ವಾಪಸ್ ಬಂದಿವೆ. ಈ ವಿಳಾಸದಲ್ಲಿ ನೀವಿಲ್ಲ ಎಂದು ಬರೆದಿದ್ದಾರೆ’ ಎಂದಳು. ನಾನು ನೋಂದಣಿ ಕಾಗದ ತೋರಿಸಿದೆ. ಅವಳು ಅದನ್ನು ನೋಡಲಿಲ್ಲ. ಒಂದೇ ಪ್ರಶ್ನೆ ಕೇಳಿದಳು: ‘ಅಂಚೆ ಡಬ್ಬಿಯ ಮೇಲೆ ನಿಮ್ಮ ಹೆಸರು ಇದೆಯೇ?’

ಇರಲಿಲ್ಲ. ನಮ್ಮ ಮನೆಯ ಡಬ್ಬಿಯ ಮೇಲೆ ಮೂರು ಹೆಸರಿದ್ದವು. ಮೂರನೆಯದು ನನಗಿಂತ ಮೊದಲು ಆ ಕೋಣೆಯಲ್ಲಿದ್ದು ಖಾಲಿ ಮಾಡಿ ಹೋದವನದು.

ಮರುದಿನ ಕ್ಲಾಸಿಗೆ ತಡವಾದರೂ ಸರಿ ಎಂದು ಅಂಚೆಯವನು ಬರುವವರೆಗೆ ಕೆಳಗೆ ನಿಂತೆ. ಅವನು ಕೆಲಸ ಮಾಡುವುದನ್ನು ನೋಡಿದ ಮೇಲೆ ಎಲ್ಲ ತಿಳಿಯಿತು. ಕೈಯಲ್ಲಿ ಪತ್ರಗಳ ಕಟ್ಟು, ಎದುರಿಗೆ ಡಬ್ಬಿಗಳ ಸಾಲು. ಲಕೋಟೆಯ ಮೇಲಿನ ಹೆಸರು ಓದುತ್ತಾನೆ, ಅದೇ ಹೆಸರಿರುವ ಡಬ್ಬಿ ಹುಡುಕುತ್ತಾನೆ, ಹಾಕುತ್ತಾನೆ. ಮಹಡಿ ಯಾವುದು, ಕೋಣೆ ಯಾವುದು ಎಂದು ನೋಡುವುದಿಲ್ಲ. ಮೇಲೆ ಹತ್ತುವುದಿಲ್ಲ, ಫೋನ್ ಮಾಡುವುದಿಲ್ಲ. ಹೆಸರು ಸಿಗದಿದ್ದರೆ ಪತ್ರ ಚೀಲಕ್ಕೆ ವಾಪಸ್ ಹೋಗುತ್ತದೆ, ಅಲ್ಲಿಂದ ಕಳಿಸಿದವರ ಕಡೆಗೆ. ಅವನದು ತಪ್ಪಲ್ಲ. ಪತ್ರ ಬೇರೆಯವರ ಕೈಗೆ ಹೋಗಬಾರದು ಎಂಬುದೇ ಅಲ್ಲಿನ ಕ್ರಮ. ರಸ್ತೆ ಮತ್ತು ಮನೆ ನಂಬರು ಅವನನ್ನು ಕಟ್ಟಡದ ಬಾಗಿಲಿಗೆ ತರುತ್ತವೆ, ಅಷ್ಟೇ. ಅಲ್ಲಿಂದ ಮುಂದಿನ ವಿಳಾಸ ನಮ್ಮ ಹೆಸರೇ.

ಅಂದೇ ಒಂದು ಚೀಟಿ ಬರೆದು ಡಬ್ಬಿಗೆ ಅಂಟಿಸಿದೆ. ಅಲ್ಲಿಯೂ ತಪ್ಪಿದೆ. ಗೆಳೆಯರು ಕರೆಯುವ ನನ್ನ ಹೆಸರನ್ನಷ್ಟೇ ಬರೆದಿದ್ದೆ. ಬ್ಯಾಂಕು, ವಿಮೆ, ತೆರಿಗೆ ಇಲಾಖೆ ಎಲ್ಲರೂ ಬರೆಯುವುದು ಪಾಸ್‌ಪೋರ್ಟಿನಲ್ಲಿ ಇರುವಂತೆ, ಅದರಲ್ಲೂ ಮನೆತನದ ಹೆಸರನ್ನು ಎತ್ತಿ. ನಮ್ಮ ಕಡೆ ಹೆಸರುಗಳ ಗೊಂದಲ ನಿಮಗೆ ಗೊತ್ತೇ ಇದೆ. ಹತ್ತನೆಯ ತರಗತಿಯ ಅಂಕಪಟ್ಟಿಯಲ್ಲಿ ಒಂದು ರೀತಿ, ಆಧಾರ್‌ನಲ್ಲಿ ಇನ್ನೊಂದು ರೀತಿ. ಮೊಹಮ್ಮದ್ ಎಂಬುದನ್ನು ಒಬ್ಬರು ಪೂರ್ತಿ ಬರೆದರೆ ಇನ್ನೊಬ್ಬರು ಎರಡೇ ಅಕ್ಷರಕ್ಕೆ ಇಳಿಸುತ್ತಾರೆ. ಮನೆತನದ ಹೆಸರಿನ ಜಾಗ ಖಾಲಿ ಇರುವ ಪಾಸ್‌ಪೋರ್ಟುಗಳೂ ಇವೆ. ಅಂಚೆಯವನಿಗೆ ಇದೆಲ್ಲ ಗೊತ್ತಿಲ್ಲ. ಅವನು ಅಕ್ಷರ ಹೋಲಿಸುತ್ತಾನೆ. ಒಂದು ವಾರದ ನಂತರ ಪಾಸ್‌ಪೋರ್ಟ್ ನೋಡಿಕೊಂಡು ಪೂರ್ತಿ ಹೆಸರು ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿದೆ, ಬ್ಯಾಂಕಿಗೆ ಹೋಗಿ ಪತ್ರಗಳನ್ನು ಮತ್ತೆ ಕಳಿಸಲು ಹೇಳಿದೆ. ಕಾರ್ಡು ಬಂತು, ನಾಲ್ಕು ದಿನ ಬಿಟ್ಟು ಪಿನ್ ಬಂತು. ತೆಲುಗು ಗೆಳೆಯನ ಸಾಲ ಅಂದೇ ತೀರಿಸಿದೆ.

ಮನೆಯವರು ಚೀಟಿ ಅಂಟಿಸಲು ಬಿಡದಿದ್ದರೆ, ಅಥವಾ ಕೆಲವೇ ದಿನ ಗೆಳೆಯನ ಕೋಣೆಯಲ್ಲಿ ಇರುವವರಾದರೆ, ಇನ್ನೊಂದು ದಾರಿ ಇದೆ. ವಿಳಾಸದ ಮೊದಲ ಸಾಲಿನಲ್ಲಿ ನಮ್ಮ ಹೆಸರು, ಎರಡನೆಯ ಸಾಲಿನಲ್ಲಿ c/o ಎಂದು ಬರೆದು ಡಬ್ಬಿಯ ಮೇಲೆ ಇರುವವರ ಹೆಸರು. ಆಗ ಅಂಚೆಯವನು ಎರಡನೆಯ ಹೆಸರು ಹಿಡಿದು ಹಾಕುತ್ತಾನೆ. ಇದು ಮೊದಲೇ ಗೊತ್ತಿದ್ದರೆ ನನ್ನ ನವೆಂಬರ್ ಬೇರೆ ಥರ ಇರುತ್ತಿತ್ತು.

ಇಷ್ಟಾದ ಮೇಲೆ ಪಾಠ ಕಲಿತೆ ಎಂದುಕೊಂಡು ನವೆಂಬರ್ 28ಕ್ಕೆ ಒಂದು ದಪ್ಪ ಕೋಟು ಆರ್ಡರ್ ಮಾಡಿದೆ. ಇಳಕಲ್ಲಿನಿಂದ ಒಯ್ದ ಸ್ವೆಟರ್ ಆ ಚಳಿಗೆ ಏನೂ ಅಲ್ಲ. ಕೋಟಿನ ಬೆಲೆ 79 ಯೂರೋ, ಆಗಿನ ಲೆಕ್ಕದಲ್ಲಿ ಏಳು ಸಾವಿರ ರೂಪಾಯಿ. ಡಿಸೆಂಬರ್ 2, ಸೋಮವಾರ, ನಾನು ಲ್ಯಾಬಿನಲ್ಲಿದ್ದಾಗ ಮೊಬೈಲಿನಲ್ಲಿ Zugestellt ಎಂದು ಬಂತು. ತಲುಪಿಸಲಾಗಿದೆ ಎಂದು ಅರ್ಥ. ಸಂಜೆ ಮನೆಗೆ ಬಂದರೆ ಕೋಟು ಇಲ್ಲ. ಡಬ್ಬಿಯಲ್ಲಿ ಚೀಟಿಯೂ ಇಲ್ಲ. ಜೊತೆಯಲ್ಲಿದ್ದ ಮೂವರೂ ಆ ದಿನ ಹೊರಗಿದ್ದರು.

ಮನೆಯಲ್ಲಿ ಯಾರೂ ಇಲ್ಲದಿದ್ದರೆ ಪಾರ್ಸೆಲ್ ತಂದವನು ಸಾಮಾನ್ಯವಾಗಿ ಎರಡರಲ್ಲಿ ಒಂದು ಮಾಡುತ್ತಾನೆ. ಪಕ್ಕದವರ ಹತ್ತಿರ ಕೊಡುತ್ತಾನೆ, ಇಲ್ಲವೇ ಹತ್ತಿರದ ಅಂಚೆ ಅಂಗಡಿಯಲ್ಲಿ ಇಟ್ಟು ಹೋಗುತ್ತಾನೆ. ಎರಡರಲ್ಲೂ ಡಬ್ಬಿಗೆ ಒಂದು ಚೀಟಿ ಹಾಕಬೇಕು. ಅದರಲ್ಲಿ ಪಕ್ಕದವರ ಹೆಸರು ಅಥವಾ ಅಂಗಡಿಯ ವಿಳಾಸ, ಯಾವಾಗಿನಿಂದ ಸಿಗುತ್ತದೆ ಎಂಬ ಹೊತ್ತು ಇರುತ್ತದೆ. ಅಂಗಡಿಯಲ್ಲಿ ಸುಮಾರು ಒಂದು ವಾರ ಇಡುತ್ತಾರೆ, ಆಮೇಲೆ ವಾಪಸ್. ಪಡೆಯಲು ಹೋಗುವಾಗ ಚೀಟಿಯ ಜೊತೆ ಪಾಸ್‌ಪೋರ್ಟ್ ಬೇಕು. ಹೆಸರು ಅಲ್ಲಿಯೂ ಹೊಂದಬೇಕು.

ನನಗೆ ಚೀಟಿಯೇ ಸಿಗದ ಕಾರಣ ಆಮೇಲೆ ತಿಳಿಯಿತು. ಪತ್ರದವನು ಡಬ್ಬಿ ನೋಡುತ್ತಾನೆ, ಪಾರ್ಸೆಲ್ಲಿನವನು ಮೊದಲು ಬಾಗಿಲ ಕರೆಗಂಟೆಯ ಗುಂಡಿಗಳನ್ನು ನೋಡುತ್ತಾನೆ. ಗುಂಡಿಯ ಪಕ್ಕದಲ್ಲೂ ಹೆಸರು ಇರುತ್ತದೆ. ನಾನು ಡಬ್ಬಿಗೆ ಅಂಟಿಸಿದ್ದೆ, ಗಂಟೆಗೆ ಅಂಟಿಸಿರಲಿಲ್ಲ.

ಮೂರು ದಿನ ನಮ್ಮ ಕಟ್ಟಡದ ಬಾಗಿಲುಗಳನ್ನೆಲ್ಲ ತಟ್ಟಿದೆ. ಯಾರಿಗೂ ಗೊತ್ತಿಲ್ಲ. ಪಾರ್ಸೆಲ್ ಕಂಪನಿಗೆ ಬರೆದೆ. ‘ಹುಡುಕಿಸಬೇಕಾದರೆ ಕಳಿಸಿದವರು ಅರ್ಜಿ ಕೊಡಬೇಕು’ ಎಂಬ ಉತ್ತರ ಬಂತು. ಸಿಟ್ಟು ಬಂತು. ಆದರೆ ಅದರಲ್ಲಿ ಒಂದು ನ್ಯಾಯವಿದೆ. ಸಾಗಣೆಗೆ ಹಣ ಕೊಟ್ಟು ಕರಾರು ಮಾಡಿಕೊಂಡವನು ಅಂಗಡಿಯವನು, ನಾನಲ್ಲ. ನನ್ನ ಕರಾರು ಅಂಗಡಿಯವನ ಜೊತೆ. ಯುರೋಪಿನ ಗ್ರಾಹಕ ಕಾನೂನಿನ ಪ್ರಕಾರ ವ್ಯಾಪಾರಿಯಿಂದ ಕೊಂಡ ಸಾಮಾನು ಕೊಂಡವನ ಕೈ ಸೇರುವವರೆಗೆ ಅದರ ಹೊಣೆ ವ್ಯಾಪಾರಿಯದು. ಆದ್ದರಿಂದ ಮೊದಲ ದಿನವೇ ನಾನು ಬರೆಯಬೇಕಿದ್ದದ್ದು ಅಂಗಡಿಗೆ.

ಇಲ್ಲಿ ಎರಡು ಕಡೆ ಎಚ್ಚರ ಬೇಕು. ‘ಯಾರೂ ಇಲ್ಲದಿದ್ದರೆ ಬಾಗಿಲ ಬಳಿ ಇಟ್ಟುಹೋಗಿ’ ಎಂದು ನಾವೇ ಮೊದಲು ಒಪ್ಪಿಗೆ ಕೊಟ್ಟಿದ್ದರೆ, ಅಲ್ಲಿ ಇಟ್ಟ ಕೂಡಲೇ ಅದು ನಮಗೆ ತಲುಪಿದಂತೆ. ಆಮೇಲೆ ಕಳುವಾದರೆ ನಷ್ಟ ನಮ್ಮದು. ನಾಲ್ವರು ಇರುವ ಮನೆಯ ಮೆಟ್ಟಿಲಲ್ಲಿ ಇಂಥ ಒಪ್ಪಿಗೆ ಕೊಡಲೇಬಾರದು. ಇನ್ನೊಂದು, ಹಳೆಯ ಸಾಮಾನನ್ನು ಅಂಗಡಿಯಿಂದಲ್ಲದೆ ಇನ್ನೊಬ್ಬ ವಿದ್ಯಾರ್ಥಿಯಂಥ ಖಾಸಗಿ ವ್ಯಕ್ತಿಯಿಂದ ಅಂಚೆಯಲ್ಲಿ ತರಿಸಿದರೆ ಈ ರಕ್ಷಣೆ ಸಿಗುವುದಿಲ್ಲ. ಅದನ್ನು ಹೋಗಿ ಕೈಯಾರೆ ತರುವುದೇ ಒಳ್ಳೆಯದು.

ಅಂಗಡಿಗೆ ನಾಲ್ಕೇ ಸಾಲು ಬರೆದೆ. ಆರ್ಡರ್ ನಂಬರು ಇಂಥದ್ದು. ಡಿಸೆಂಬರ್ 2ಕ್ಕೆ ತಲುಪಿದೆ ಎಂದು ತೋರಿಸುತ್ತಿದೆ, ನನಗೆ ತಲುಪಿಲ್ಲ. ಇಟ್ಟುಹೋಗಲು ನಾನು ಒಪ್ಪಿಗೆ ಕೊಟ್ಟಿಲ್ಲ. ಯಾರ ಹೆಸರಿನಲ್ಲಿ ಕೊಟ್ಟಿದ್ದಾರೆ ಎಂದು ವಿಚಾರಿಸಿ ತಿಳಿಸಿ. ಕೊನೆಯ ಸಾಲೇ ಕೆಲಸ ಮಾಡಿದ್ದು. ‘ನನಗೆ ಬಂದಿಲ್ಲ’ ಎಂದಷ್ಟೇ ಬರೆದರೆ ‘ತಲುಪಿದೆ ಎಂದು ಇದೆ’ ಎಂಬ ಉತ್ತರ ಬರುತ್ತದೆ. ಪಡೆದವರು ಯಾರು ಎಂದು ಕೇಳಿದರೆ ಅವರು ಹುಡುಕಲೇಬೇಕು. ಡಿಸೆಂಬರ್ 11ಕ್ಕೆ ಉತ್ತರ ಬಂತು. ಕೊಟ್ಟದ್ದು ನಮ್ಮ ಪಕ್ಕದ ಕಟ್ಟಡದ ಕೆಳಗಿದ್ದ ಕ್ಷೌರದಂಗಡಿಯಲ್ಲಿ.

ಆ ಅಂಗಡಿಯ ಮುಂದೆಯೇ ದಿನಾ ಎರಡು ಸಲ ಹಾಯ್ದು ಹೋಗುತ್ತಿದ್ದೆ. ಒಳಗೆ ಹೋದೆ. ತುರ್ಕಿಯ ಮುದುಕರೊಬ್ಬರು ಇದ್ದರು. ಸಲಾಮ್ ಹೇಳಿ ಹೆಸರು ಹೇಳಿದೆ. ಅವರು ಕನ್ನಡಿಯ ಕೆಳಗಿನ ಕಪಾಟು ತೆಗೆದರು. ಏಳೆಂಟು ಪೆಟ್ಟಿಗೆಗಳಿದ್ದವು, ನನ್ನದು ಎಲ್ಲಕ್ಕಿಂತ ಕೆಳಗೆ. ಒಂಬತ್ತು ದಿನ ಅಲ್ಲಿತ್ತು. ‘ನಿನ್ನ ಹೆಸರು ಓದಿ ಯಾರ ಮಗನೋ ಎಂದುಕೊಂಡೆ. ಗಂಟೆಯ ಮೇಲೆ ಹುಡುಕಿದೆ, ಸಿಗಲಿಲ್ಲ’ ಎಂದರು. ಅಂದು ಸಂಜೆ ಗಂಟೆಗೂ ಚೀಟಿ ಅಂಟಿಸಿದೆ.

ಆಮೇಲೆ ನಾನು ಪಾರ್ಸೆಲ್ಲುಗಳನ್ನು ಮನೆಗೆ ತರಿಸುವುದನ್ನೇ ಕಡಿಮೆ ಮಾಡಿದೆ. ಅಲ್ಲಿ ಪೇಟೆಯ ಮೂಲೆಗಳಲ್ಲಿ ಪಾಕ್‌ಸ್ಟೇಷನ್ ಎಂಬ ಹಳದಿ ಬಣ್ಣದ ಕಪಾಟುಗಳಿವೆ. ನಮ್ಮ ರೈಲು ನಿಲ್ದಾಣದ ಲಾಕರಿನಂತೆ ಸಣ್ಣ ಸಣ್ಣ ಬಾಗಿಲು. ಒಮ್ಮೆ ನೋಂದಾಯಿಸಿಕೊಂಡರೆ ನಮಗೊಂದು ಅಂಚೆ ಸಂಖ್ಯೆ ಕೊಡುತ್ತಾರೆ. ವಿಳಾಸದಲ್ಲಿ ಹೆಸರು, ಆ ಸಂಖ್ಯೆ, ರಸ್ತೆಯ ಜಾಗದಲ್ಲಿ ಕಪಾಟಿನ ನಂಬರು, ಪಿನ್‌ಕೋಡ್ ಬರೆದರೆ ಪಾರ್ಸೆಲ್ ಅಲ್ಲಿಗೇ ಬರುತ್ತದೆ. ಮೊಬೈಲಿಗೆ ಸಂದೇಶ ಬರುತ್ತದೆ, ರಾತ್ರಿಯಾದರೂ ಹೋಗಿ ತೆಗೆದುಕೊಳ್ಳಬಹುದು. ಆದರೆ ಅದು ಡಿ.ಎಚ್.ಎಲ್. ಕಂಪನಿಯದು, ಆ ಕಂಪನಿ ತರುವ ಪಾರ್ಸೆಲ್ ಮಾತ್ರ ಅಲ್ಲಿ ಇಡುತ್ತಾರೆ. ಆರ್ಡರ್ ಮಾಡುವಾಗ ಯಾವ ಕಂಪನಿ ತರುತ್ತದೆ ಎಂದು ಅಂಗಡಿಯವರು ಹೇಳದಿದ್ದರೆ ಮನೆಯ ವಿಳಾಸ ಕೊಡುವುದೇ ಸುರಕ್ಷಿತ. ಬ್ಯಾಂಕು, ಸರ್ಕಾರದ ಪತ್ರಗಳಿಗಂತೂ ಮನೆಯ ಡಬ್ಬಿಯೇ ಬೇಕು.

ಇಂಗ್ಲೆಂಡಿನಲ್ಲಿ ಓದುವ ನನ್ನ ಬಾದಾಮಿಯ ಗೆಳೆಯನಿಗೆ ಡಬ್ಬಿಯ ಚಿಂತೆ ಇರಲಿಲ್ಲ. ಅವನ ಹಾಸ್ಟೆಲ್ಲಿನಲ್ಲಿ ಅಂಚೆ ಕೋಣೆ ಇದೆ. ಬಂದದ್ದನ್ನೆಲ್ಲ ಸಿಬ್ಬಂದಿ ಪಡೆದು, ಮನೆತನದ ಹೆಸರಿನ ಮೊದಲ ಅಕ್ಷರದ ಪ್ರಕಾರ ಕಪಾಟಿನಲ್ಲಿ ಜೋಡಿಸುತ್ತಾರೆ. ಅವನ ಪಾರ್ಸೆಲ್ ಬಂದು ಹತ್ತು ದಿನವಾದರೂ ‘ಬಂದಿಲ್ಲ’ ಎನ್ನುತ್ತಿದ್ದರು. ಕಳಿಸಿದವರು ಅವನ ಹೆಸರನ್ನು ಹಿಂದುಮುಂದಾಗಿ ಬರೆದಿದ್ದರು. ಇವನು ಒಂದು ಅಕ್ಷರದ ಕಪಾಟಿನಲ್ಲಿ ಕೇಳುತ್ತಿದ್ದ, ಪಾರ್ಸೆಲ್ ಇನ್ನೊಂದರಲ್ಲಿ ಕುಳಿತಿತ್ತು. ಈಗ ಅವನು ಎರಡೂ ಅಕ್ಷರದಲ್ಲಿ ನೋಡಿ ಎನ್ನುತ್ತಾನೆ, ಟ್ರ್ಯಾಕಿಂಗ್ ನಂಬರನ್ನೂ ತೋರಿಸುತ್ತಾನೆ.

ಜನವರಿಯಲ್ಲಿ ಅಮ್ಮಿ ಇಳಕಲ್ ಅಂಚೆ ಕಚೇರಿಯಿಂದ ನನಗೊಂದು ಗಂಟು ಕಳಿಸಿದಳು. ತುಪ್ಪ, ಖೋವಾದ ಪೇಢಾ ಇಡುತ್ತೇನೆ ಎಂದಿದ್ದಳು, ಬೇಡವೆಂದೆ. ನಮ್ಮ ದೇಶದಿಂದ ಅಂಚೆಯಲ್ಲಿ ಹಾಲಿನ, ಮಾಂಸದ ತಿನಿಸು ಅಲ್ಲಿಗೆ ಬಿಡುವುದಿಲ್ಲ. ಒಂದು ಗುಳೇದಗುಡ್ಡದ ಖಣ, ಒಂದು ಶಾಲು ಇಟ್ಟಳು. ಖಣ ನಾನು ತೆಲುಗು ಗೆಳೆಯನ ತಾಯಿಗೆ ಕೊಡಬೇಕೆಂದು ಕೇಳಿದ್ದು. ಒಳಗೆ ಏನಿದೆ, ಬೆಲೆ ಎಷ್ಟು ಎಂದು ಸುಂಕದ ಫಾರ್ಮಿನಲ್ಲಿ ಬರೆಯಬೇಕು. ಮನೆಯವರು ಕಳಿಸುವ ಉಡುಗೊರೆ 45 ಯೂರೋ ಒಳಗಿದ್ದರೆ ಸುಂಕವಿಲ್ಲ. ಆಪಾ ವಿಳಾಸ ಬರೆಯುತ್ತ ಫೋನಿನಲ್ಲಿ ಕೇಳಿದಳು: ‘ಹತ್ತಿರದಾಗ ಮಸೀದಿ, ಸ್ಟೇಷನ್ ಏನರ ಐತೇನ್? ಗುರುತು ಬರೀತೀನಿ.’ ‘ಬ್ಯಾಡ ಆಪಾ, ನನ್ನ ಹೆಸರು ಪಾಸ್‌ಪೋರ್ಟಿನ್ಯಾಗ ಹ್ಯಾಂಗ ಐತಿ ಹಂಗ ಬರಿ, ಒಂದಕ್ಷರ ಬದಲಿ ಮಾಡಬ್ಯಾಡ’ ಎಂದೆ. ‘ಅಷ್ಟ ಸಾಕಾ?’ ಎಂದಳು. ನಂಬಿಕೆ ಬಂದಿರಲಿಲ್ಲ. ಮೂರು ವಾರಕ್ಕೆ ಗಂಟು ಬಂತು. ಗಂಟೆ ಬಾರಿಸಿದವನು ನನ್ನ ಹೆಸರನ್ನೇ ಓದಿದ.

ಬಾಗಲಕೋಟೆಯ ಹಾಸ್ಟೆಲ್ಲಿನಲ್ಲಿ ಇರುವ ನನ್ನ ತಮ್ಮನ ಕಥೆ ಇದಕ್ಕೆ ತಿರುಗಾಮುರುಗಾ. ಅವನ ಆರ್ಡರಿನಲ್ಲಿ ಅಬ್ಬಾನ ಫೋನ್ ನಂಬರು ಇರುತ್ತದೆ. ಪಾರ್ಸೆಲ್ ಹುಡುಗ ಹಾಸ್ಟೆಲ್ ಗೇಟಿನಲ್ಲಿ ನಿಂತು ಇಳಕಲ್ಲಿಗೆ ಫೋನ್ ಮಾಡುತ್ತಾನೆ. ಅಬ್ಬಾ ನಮಾಜಿನಲ್ಲಿದ್ದರೆ ಪಾರ್ಸೆಲ್ ವಾಪಸ್. ನಮ್ಮ ಕಡೆ ಫೋನ್ ನಂಬರೇ ವಿಳಾಸ. ಹಾಸ್ಟೆಲ್ಲಿಗೆ ತರಿಸುವವರು ತಮ್ಮ ನಂಬರೇ ಕೊಡಲಿ. ಕ್ಲಾಸಿನಲ್ಲಿ ಫೋನ್ ಬಂದ್ ಇರುವವರು ಓ.ಟಿ.ಪಿ. ಬೇಕಾಗುವ ಸಾಮಾನನ್ನು ರಜೆಯ ದಿನ ಬರುವಂತೆ ನೋಡಿಕೊಳ್ಳಲಿ. ವಾಚ್‌ಮನ್ ಅಣ್ಣ ಪಡೆದು ಇಡುವ ಕಡೆ, ಅವರ ರಿಜಿಸ್ಟರಿನಲ್ಲಿ ತಮ್ಮ ಹೆಸರು ಹೇಗೆ ಬರೆದಿದೆ ಎಂದು ಒಮ್ಮೆ ನೋಡಲಿ.

ಈ ಬೇಸಿಗೆಯಲ್ಲಿ ನನಗೆ ವಿದ್ಯಾರ್ಥಿ ನಿಲಯದಲ್ಲಿ ಕೋಣೆ ಸಿಕ್ಕಿತು. ಹೊರಡುವ ದಿನ ಬ್ಯಾಂಕಿಗೆ, ವಿಮೆಗೆ, ವಿಶ್ವವಿದ್ಯಾಲಯಕ್ಕೆ ಹೊಸ ವಿಳಾಸ ತಿಳಿಸಿದೆ. ಹಳೆಯ ಪತ್ರಗಳು ಹಿಂಬಾಲಿಸಿ ಬರುವಂತೆ ಅಂಚೆಯವರಿಗೆ ಹಣ ಕಟ್ಟಿ ಅರ್ಜಿ ಕೊಟ್ಟೆ. ಡಬ್ಬಿಯ ಮೇಲಿನ ನನ್ನ ಚೀಟಿಯನ್ನು ಉಗುರಿನಿಂದ ಕೆರೆದು ತೆಗೆದೆ. ನನ್ನ ಕೋಣೆಗೆ ಬರುವವನು ಒಬ್ಬ ನೇಪಾಳದ ಹುಡುಗ, ಮುಂದಿನ ವಾರ ಬರುವವನಿದ್ದ. ವಾಟ್ಸಾಪ್‌ನಲ್ಲಿ ಪಾಸ್‌ಪೋರ್ಟಿನ ಹೆಸರು ತರಿಸಿಕೊಂಡು, ಎರಡು ಚೀಟಿ ಬರೆದು, ಒಂದನ್ನು ಡಬ್ಬಿಗೆ, ಒಂದನ್ನು ಗಂಟೆಗೆ ಅಂಟಿಸಿ ಬಂದೆ.